ಒಂದೇ ರಾತ್ರಿಗೆ ಸುಡದ ಮೋಟಾರು

"ನಿನ್ನಿ ತನಾ ಚಲೋ ನಡದಿತ್ರೀ ಮಿಸ್ತ್ರಿಯಾರ, ರಾತ್ರಿ ಒಮ್ಮೆಲೇ ಸುಟ್ಟು ಹೋತ್ ನೋಡ್ರಿ."

ಕೌಜಲಗಿ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ರಿವೈಂಡಿಂಗ್ ಅಂಗಡಿಗಳ ಮುಂದೆ ಏಪ್ರಿಲ್ ಮೇ ತಿಂಗಳಲ್ಲಿ ಒಂದರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ನಿನ್ನೆಯವರೆಗೆ ಮೋಟಾರು ತಿರುಗಿದೆ, ನೀರು ಬಂದಿದೆ, ಕಬ್ಬಿನ ಸಾಲು ತೊಯ್ದಿದೆ. ಆದರೆ ಒಳಗಿನ ವೈಂಡಿಂಗ್ ಒಂದೇ ರಾತ್ರಿಯಲ್ಲಿ ಸತ್ತದ್ದಲ್ಲ. ಹೋದ ಬೇಸಿಗೆಯಲ್ಲಿ, ಅದರ ಹಿಂದಿನ ಬೇಸಿಗೆಯಲ್ಲಿ ಅದು ದಿನಕ್ಕಿಷ್ಟು ಎಂದು ಸವೆದಿದೆ. ಆ ಸವೆತ ಹೊರಗೆ ಕಾಣುವುದಿಲ್ಲ. ಅದಕ್ಕೆ ಒಂದು ಲೆಕ್ಕ ಮಾತ್ರ ಇದೆ. ಆ ಲೆಕ್ಕ ಗೊತ್ತಿದ್ದರೆ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು ನಮ್ಮ ಮೋಟಾರಿನ ಆಯಸ್ಸು ಯಾವ ಕಡೆಗೆ ಹೊರಟಿದೆ ಎಂದು ಅಂದಾಜು ಮಾಡಬಹುದು.

ಇಲ್ಲಿ ಹೆಚ್ಚಾಗಿ ಹೇಳುವುದು ನೆಲದ ಮೇಲೆ ಕೂರುವ 5 ಎಚ್‌ಪಿ ಮೂರು ಫೇಸಿನ ಮೋಟಾರಿನ ಬಗ್ಗೆ. ಹೊಳೆ ದಂಡೆಯಲ್ಲಿ, ಕಾಲುವೆ ಪಕ್ಕದಲ್ಲಿ, ತೆರೆದ ಬಾವಿಯ ಕಟ್ಟೆಯ ಮೇಲೆ ನಾವು ಕೂರಿಸುವ ಮೊನೊಬ್ಲಾಕ್ ಅದು. ಬೋರಿನೊಳಗಿನ ಸಬ್‌ಮರ್ಸಿಬಲ್‌ಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಹೊದಿಕೆ ಸಾಯುವ ಬಗೆ

ಮೋಟಾರಿನ ತಾಮ್ರದ ತಂತಿ ಬರಿಗಣ್ಣಿಗೆ ಬತ್ತಲೆಯಾಗಿ ಕಾಣುತ್ತದೆ. ನಿಜಕ್ಕೂ ಅದರ ಮೇಲೆ ಕೂದಲಿಗಿಂತ ತೆಳುವಾದ ಇನಾಮಲ್ ಪದರ ಇರುತ್ತದೆ. ಸ್ಲಾಟಿನೊಳಗೆ ತಂತಿ ಮತ್ತು ಕಬ್ಬಿಣದ ನಡುವೆ ಇನ್ಸುಲೇಷನ್ ಕಾಗದ, ಮೇಲೆ ವಾರ್ನಿಷ್. ಈ ಮೂರೂ ಇಂಗಾಲದ ಉದ್ದುದ್ದ ಸರಪಳಿಗಳಿಂದಾದ ವಸ್ತುಗಳು. ಬಿಸಿಯಲ್ಲಿ ಗಾಳಿಯ ಆಮ್ಲಜನಕ ಆ ಸರಪಳಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಮೊದಲು ಹೊದಿಕೆಯ ಬಾಗುವ ಗುಣ ಹೋಗುತ್ತದೆ. ಹಳೆಯ ಛತ್ರಿಯ ಬಟ್ಟೆಯಂತೆ ಅದು ಪೆಡಸಾಗುತ್ತದೆ, ಬಣ್ಣ ಕಂದುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ವಿದ್ಯುತ್ತನ್ನು ತಡೆಯುವ ಶಕ್ತಿ ಮಾತ್ರ ಕೊನೆಯವರೆಗೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಮೆಗ್ಗರ್ ಹಚ್ಚಿ ನೋಡಿದರೂ ಒಣ ಹೊದಿಕೆ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಆಮೇಲೆ ಒಂದು ದಿನ ಮೋಟಾರು ಚಾಲೂ ಆಗುವಾಗ ಕಾಯಿಲುಗಳು ಅಲುಗುತ್ತವೆ, ಪೆಡಸಾದ ಇನಾಮಲ್ ಉದುರುತ್ತದೆ, ಎರಡು ಸುತ್ತು ಒಂದಕ್ಕೊಂದು ತಾಗುತ್ತವೆ. ಆ ರಾತ್ರಿ ಮೋಟಾರು 'ಒಮ್ಮೆಲೇ' ಸುಡುತ್ತದೆ.

ಇದೊಂದು ರಾಸಾಯನಿಕ ಕ್ರಿಯೆ. ಬಿಸಿ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಯ ವೇಗ ಹೇಗೆ ಏರುತ್ತದೆ ಎಂಬುದಕ್ಕೆ ಸ್ವೀಡನ್ನಿನ ಅರ್ರೇನಿಯಸ್ 1889ರಲ್ಲೇ ಸೂತ್ರ ಕೊಟ್ಟಿದ್ದ. ಇನ್ಸುಲೇಷನ್ ಆಯಸ್ಸಿನ ಅರ್ಧವಾಗುವ ಲೆಕ್ಕವನ್ನು 1930ರಲ್ಲಿ ಬರೆದಿಟ್ಟವನು ಅಮೆರಿಕದ ಮಾಂಟ್‌ಸಿಂಗರ್. ಅವನು ನೋಡಿದ್ದು ಎಣ್ಣೆಯಲ್ಲಿ ಮುಳುಗಿದ ಟ್ರಾನ್ಸ್‌ಫಾರ್ಮರಿನ ಕಾಗದವನ್ನು. ಅವನಿಗೆ ಸಿಕ್ಕ ಅಂಕಿ 8 ಡಿಗ್ರಿ. 1948ರಲ್ಲಿ ಡೇಕಿನ್ ಎಂಬವನು ಇದನ್ನು ಅರ್ರೇನಿಯಸ್ ಸೂತ್ರಕ್ಕೆ ಜೋಡಿಸಿದ. ಬೇರೆ ಬೇರೆ ವಸ್ತುಗಳಿಗೆ ಈ ಅಂಕಿ ಬೇರೆ ಬೇರೆ. ನೆನಪಿಗೆ ಸುಲಭ, ಮೋಟಾರಿನ ಹೊದಿಕೆಗೆ ಸಾಕಷ್ಟು ಹತ್ತಿರ ಎಂದು 10 ಡಿಗ್ರಿ ಬಳಕೆಯಲ್ಲಿ ನಿಂತಿತು. ವೈಂಡಿಂಗಿನ ಬಿಸಿ ಪ್ರತಿ 10 ಡಿಗ್ರಿ ಏರಿದರೆ ಇನ್ಸುಲೇಷನ್ನಿನ ಆಯಸ್ಸು ಅರ್ಧ. 10 ಡಿಗ್ರಿ ಇಳಿದರೆ ಇಮ್ಮಡಿ. ನಿಯಮ ಇಷ್ಟೇ.

ಎಲ್ಲಿಂದ ಎಣಿಸಬೇಕು

ಏರಿತು ಎನ್ನಲು ಒಂದು ಗುರುತು ಬೇಕಲ್ಲ. ಅದು ಮೋಟಾರಿನ ನೇಮ್‌ಪ್ಲೇಟಿನ ಮೇಲೇ ಇದೆ. ಇನ್ಸುಲೇಷನ್ ಕ್ಲಾಸ್ ಎಂದು ಬರೆದು ಮುಂದೆ ಬಿ ಅಥವಾ ಎಫ್ ಎಂಬ ಒಂದು ಅಕ್ಷರ ಕೊಟ್ಟಿರುತ್ತಾರೆ. ಬಿ ಎಂದರೆ 130 ಡಿಗ್ರಿ ಸೆಲ್ಸಿಯಸ್, ಎಫ್ ಎಂದರೆ 155, ಎಚ್ ಎಂದರೆ 180. ಇದು ಮೈ ಮುಟ್ಟಿದರೆ ಸಿಗುವ ಬಿಸಿಯಲ್ಲ, ವೈಂಡಿಂಗಿನ ಅತಿ ಬಿಸಿಯಾದ ಜಾಗದ್ದು. ಬಿ ಕ್ಲಾಸಿನ 130 ಹೇಗೆ ಬಂತು ಎಂದರೆ, ಸುತ್ತಲಿನ ಗಾಳಿ 40, ಮೋಟಾರು ಪೂರ್ತಿ ಹೊರೆ ಹೊತ್ತಾಗ ವೈಂಡಿಂಗಿನಲ್ಲಿ ಸರಾಸರಿ ಏರಬಹುದಾದ ಬಿಸಿ 80, ಸರಾಸರಿಗಿಂತ ಹೆಚ್ಚು ಕಾಯುವ ಮೂಲೆಗೆ ಇನ್ನೊಂದು 10. ಮೂರೂ ಕೂಡಿದರೆ 130.

ಮೊದಲ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಗಾಳಿ 40 ಡಿಗ್ರಿ ಇದೆ ಎಂದು ನಂಬಿಕೊಂಡು ಮೋಟಾರು ತಯಾರಾಗುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಬಯಲಿನ ನೆರಳೇ 40ರ ಹತ್ತಿರ ಬರುತ್ತದೆ. ತಗಡಿನ ಶೆಡ್ಡಿನೊಳಗೆ ಮೋಟಾರು ತಾನೇ ಉಗುಳುವ ಬಿಸಿಯೂ ಸೇರಿ ಗಾಳಿ 50 ದಾಟುವುದು ಅಪರೂಪವಲ್ಲ. ಗಾಳಿಯಲ್ಲಿ ಏರಿದ 10 ಡಿಗ್ರಿ ವೈಂಡಿಂಗಿಗೂ ಹಾಗೇ 10 ಡಿಗ್ರಿ ಕೂಡುತ್ತದೆ. ಕರೆಂಟು, ವೋಲ್ಟೇಜು, ಪಂಪು ಎಲ್ಲ ಸರಿಯಿದ್ದರೂ ಒಂದು ಮುಚ್ಚಿದ ಶೆಡ್ಡು ಅಲ್ಲಿಗೇ ಅರ್ಧ ಆಯಸ್ಸು ತಿಂದಿತು.

ಆಯಸ್ಸು ಎಂದರೆ ಎಷ್ಟು ತಾಸು? ಇನ್ಸುಲೇಷನ್ ವಸ್ತುಗಳ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹಿಡಿಯುವ ಗುರುತು 20,000 ತಾಸು. ಇದು ಯಾರೂ ಕೊಡುವ ಗ್ಯಾರಂಟಿ ಅಲ್ಲ, ಹೋಲಿಸಿ ನೋಡಲು ಇಟ್ಟುಕೊಂಡ ಅಳತೆಗೋಲು. ನಮ್ಮ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ಕರೆಂಟು ದಿನಕ್ಕೆ ಸುಮಾರು 7 ತಾಸು. ವರ್ಷಕ್ಕೆ 250 ದಿನ ಮೋಟಾರು ನಡೆಯುತ್ತದೆ ಎಂದುಕೊಂಡರೆ 1,750 ತಾಸಾಯಿತು. ಬಿ ಕ್ಲಾಸಿನ ಮೋಟಾರು ಸದಾ ಸರಿಯಾಗಿ 130ರಲ್ಲಿ ನಡೆದರೆ ಹನ್ನೊಂದು ವರ್ಷಕ್ಕೆ ಸ್ವಲ್ಪ ಮೇಲೆ ಬಾಳುತ್ತದೆ. 140ರಲ್ಲಿ ನಡೆದರೆ ಆರು ವರ್ಷ ತುಂಬುವುದಿಲ್ಲ, 150ರಲ್ಲಿ ಮೂರು ವರ್ಷ ತುಂಬುವುದಿಲ್ಲ. 160ರಲ್ಲಾದರೆ ಒಂದೂವರೆ ವರ್ಷದೊಳಗೆ ಅಂಗಡಿಗೆ.

"ನಮ್ಮ ಮೋಟಾರು ವರ್ಷವಿಡೀ ಅಷ್ಟು ಕಾಯೂದಿಲ್ರಿ" ಎನ್ನುತ್ತಾರೆ. ಸರಿ, ಕಾಯುವುದಿಲ್ಲ. ಹತ್ತು ಡಿಗ್ರಿಯ ಲೆಕ್ಕದಲ್ಲಿ ನಾವು ಹೆಚ್ಚು ಮೋಸ ಹೋಗುವುದು ಇಲ್ಲೇ. ಆ 1,750 ತಾಸನ್ನು ಎರಡು ಪಾಲು ಮಾಡೋಣ. ಮಳೆಗಾಲ ಚಳಿಗಾಲ ಸೇರಿ 1,350 ತಾಸು ವೈಂಡಿಂಗಿನ ಬಿಸಿ ಬರೀ 110. ಸುಡುಬೇಸಿಗೆಯ 400 ತಾಸು 140. ತಂಪಿನ ದಿನಗಳಲ್ಲಿ 110 ಎಂದರೆ 130ಕ್ಕಿಂತ 20 ಕಡಿಮೆ, ಆಯಸ್ಸು ನಾಲ್ಕು ಪಟ್ಟು, 80,000 ತಾಸು. ಅದರಲ್ಲಿ 1,350 ತಾಸು ನಡೆದರೆ ಸವೆದದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ ಪಾಲು. ಬೇಸಿಗೆಯ 140ರಲ್ಲಿ ಆಯಸ್ಸು 10,000 ತಾಸು. ಅದರಲ್ಲಿ 400 ನಡೆದರೆ ನೂರಕ್ಕೆ ನಾಲ್ಕು ಪಾಲು ಸವೆಯಿತು. ನಡೆದ ತಾಸಿನಲ್ಲಿ ಬೇಸಿಗೆಯ ಪಾಲು ಕಾಲು ಭಾಗಕ್ಕಿಂತ ಕಡಿಮೆ. ಸವೆತದಲ್ಲಿ ಅದರದ್ದು ನೂರಕ್ಕೆ 70. ಅದೇ 400 ತಾಸು 140ರ ಬದಲು 150ರಲ್ಲಿ ನಡೆದರೆ ಆ ಪಾಲು 80 ದಾಟುತ್ತದೆ.

ಹಾಗಾಗಿ ವರ್ಷದ ಸರಾಸರಿ ನೋಡಿ ಸಮಾಧಾನ ಮಾಡಿಕೊಳ್ಳುವಂತಿಲ್ಲ. ತಂಪಿನ ಹತ್ತು ತಿಂಗಳು ಮೋಟಾರನ್ನು ಎಷ್ಟು ಜೋಪಾನ ಮಾಡಿದರೂ ಉಳಿಯುವುದು ಸ್ವಲ್ಪ. ಕಬ್ಬಿಗೆ ನೀರು ತಡೆಯಲಾರದ ಆ ಎರಡು ತಿಂಗಳಲ್ಲಿ 10 ಡಿಗ್ರಿ ಇಳಿಸಿದರೆ ಉಳಿಯುವುದು ಬಹಳ. ಹೋದ ಬೇಸಿಗೆಯ ಸವೆತ ಮಳೆ ಬಿದ್ದ ಮೇಲೆ ಮಾಯುವುದೂ ಇಲ್ಲ. ಕಡಿದ ಸರಪಳಿ ಮತ್ತೆ ಕೂಡುವುದಿಲ್ಲ.

ಒಳಗಿನ ಬಿಸಿಯನ್ನು ಅಳೆಯುವುದು

ಕೈಯಿಟ್ಟು ನೋಡುವುದು ಸಾಲದು. ಫ್ಯಾನು ಕವಚ ಇರುವ ಮುಚ್ಚಿದ ಮೋಟಾರಿನ ಮೈ 70 ಡಿಗ್ರಿ ಇದ್ದರೆ ಕೈ ನಿಲ್ಲುವುದಿಲ್ಲ, ಆದರೆ ಆ ಮೋಟಾರು ಪೂರ್ತಿ ಕ್ಷೇಮವಾಗಿರಬಹುದು. ಒಳಗಿನ ವೈಂಡಿಂಗ್ ಮೈಗಿಂತ 20, 30, ಕೆಲವೊಮ್ಮೆ 40 ಡಿಗ್ರಿ ಮೇಲಿರುತ್ತದೆ. ಮೋಟಾರಿನ ಗಾತ್ರ, ಗಾಳಿ, ಹೊರೆ ನೋಡಿ ಆ ಅಂತರ ಬದಲಾಗುತ್ತದೆ.

ಇದಕ್ಕಿಂತ ಗಟ್ಟಿ ದಾರಿಯೊಂದಿದೆ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸಿಗುವ ಹಾಗೆ ಏರುತ್ತದೆ. ತಂತಿಯೇ ತನ್ನ ಥರ್ಮಾಮೀಟರು. ಮೋಟಾರು ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ ಮುಂಜಾನೆ ಎರಡು ಲೀಡುಗಳ ನಡುವಿನ ಓಮ್ ಅಳೆದು, ಆಗಿನ ಗಾಳಿಯ ಬಿಸಿಯ ಜೊತೆ ಬರೆದಿಡಬೇಕು. ಮಧ್ಯಾಹ್ನ ಮೂರು ನಾಲ್ಕು ತಾಸು ನಡೆದ ಮೇಲೆ ನಿಲ್ಲಿಸಿ ಅವೇ ಲೀಡುಗಳನ್ನು ಮತ್ತೆ ಅಳೆಯಬೇಕು. ಆಮೇಲೆ ಈ ಸೂತ್ರ:

T2 = (R2 ÷ R1) × (234.5 + T1) − 234.5

R1, T1 ಎಂದರೆ ಮುಂಜಾನೆಯ ಓಮ್ ಮತ್ತು ಬಿಸಿ. R2 ಮಧ್ಯಾಹ್ನದ ಓಮ್. T2 ಎಂಬುದು ವೈಂಡಿಂಗಿನ ಸರಾಸರಿ ಬಿಸಿ. 234.5 ಎಂಬ ಅಂಕಿ ತಾಮ್ರಕ್ಕೆ ಮಾತ್ರ. ಅಲ್ಯೂಮಿನಿಯಂ ತಂತಿಯ ಮೋಟಾರಾದರೆ ಆ ಜಾಗದಲ್ಲಿ 225 ಹಾಕಬೇಕು.

ಒಂದು ಮೋಟಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಬಿ ಕ್ಲಾಸಿನ 5 ಎಚ್‌ಪಿ, ತಗಡಿನ ಪೆಟ್ಟಿಗೆಯೊಳಗೆ ಕೂತಿದೆ, ಮಳೆ ನೀರು ಬೀಳಬಾರದೆಂದು ಮೇಲೊಂದು ಗೋಣಿಚೀಲ ಹೊದಿಸಿದೆ. ಮುಂಜಾನೆ 28 ಡಿಗ್ರಿಯಲ್ಲಿ 3.20 ಓಮ್. ಮಧ್ಯಾಹ್ನ ನಿಲ್ಲಿಸಿದ ಕೂಡಲೇ 4.40 ಓಮ್. 4.40ನ್ನು 3.20ರಿಂದ ಭಾಗಿಸಿದರೆ 1.375. ಅದನ್ನು 262.5ರಿಂದ ಗುಣಿಸಿದರೆ 360.9. ಅದರಲ್ಲಿ 234.5 ಕಳೆದರೆ 126 ಡಿಗ್ರಿ ಉಳಿಯಿತು. ಇದು ಸರಾಸರಿ. ಅತಿ ಬಿಸಿಯ ಮೂಲೆಗೆ 10 ಕೂಡಿದರೆ 136. ಗುರುತಿಗಿಂತ 6 ಡಿಗ್ರಿ ಮೇಲೆ. ಆಯಸ್ಸು 20,000ದಿಂದ ಸುಮಾರು 13,000 ತಾಸಿಗೆ ಇಳಿದಿದೆ.

ಈಗ ಗೋಣಿಚೀಲ ತೆಗೆದು, ಫ್ಯಾನಿನ ಜಾಲರಿಯಲ್ಲಿ ಸಿಕ್ಕ ರವದಿ ಮತ್ತು ಒಣಗಿದ ಕೆಸರು ಬಿಡಿಸಿ, ತಗಡಿನ ಪೆಟ್ಟಿಗೆಯ ಎದುರುಬದುರಿನ ಎರಡು ಗೋಡೆಗೆ ಗಾಳಿ ಆಡುವಷ್ಟು ಕಿಂಡಿ ಕೊಟ್ಟು, ಸ್ಟಾರ್ಟರಿನ ಸಡಿಲ ಲಗ್ ಬಿಗಿ ಮಾಡಿದ ಮೇಲೆ ಅಂಥದೇ ಇನ್ನೊಂದು ಮಧ್ಯಾಹ್ನ ಅಳೆದಾಗ 4.18 ಓಮ್ ಬಂತು ಎನ್ನಿ. ಲೆಕ್ಕ ಹಾಕಿದರೆ 108, ಮೂಲೆಯ 10 ಸೇರಿ 118. ಇಳಿದದ್ದು 18 ಡಿಗ್ರಿ, ಆಯಸ್ಸು ಮೂರೂವರೆ ಪಟ್ಟು. ಹೊಸ ಸಾಮಾನು ಒಂದೂ ಕೊಂಡಿಲ್ಲ.

ಅಳೆಯುವಾಗ ಕೆಲವು ಎಚ್ಚರಗಳಿವೆ. ನಮ್ಮಲ್ಲಿ ಆಟೊ ಸ್ಟಾರ್ಟರ್ ಬಹಳ. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಚಾಲೂ ಆಗುತ್ತದೆ. ಮೇನ್ ಇಳಿಸಿ, ಮೂರೂ ಫ್ಯೂಜು ಕಿತ್ತು ಕಿಸೆಯಲ್ಲಿಟ್ಟುಕೊಂಡು, ಮೂರೂ ತಂತಿಗೆ ಟೆಸ್ಟರ್ ಹಚ್ಚಿ ನೋಡದೆ ಲೀಡು ಮುಟ್ಟಬಾರದು. ಕೆಪಾಸಿಟರ್ ಇದ್ದರೆ ಅದರ ತಂತಿ ಬಿಚ್ಚಿ ಅದು ಖಾಲಿಯಾಗಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಈ ಕೆಲಸ ಗೊತ್ತಿದ್ದವರ ಕೈಯಲ್ಲೇ ಆಗಲಿ. ನಿಲ್ಲಿಸಿದ ಅರ್ಧ ನಿಮಿಷದೊಳಗೆ ಓಮ್ ಸಿಕ್ಕರೆ ಒಳ್ಳೆಯದು. ತಡವಾದಷ್ಟೂ ತಂತಿ ತಣಿದು ಸುಳ್ಳು ಸಮಾಧಾನ ಕೊಡುತ್ತದೆ. ಅಷ್ಟು ಬೇಗ ಆಗದಿದ್ದರೆ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ನಾಲ್ಕೈದು ಸಲ ಬರೆದುಕೊಂಡು ಹಿಂದಕ್ಕೆ ಅಂದಾಜು ಮಾಡಬಹುದು. ಸಾದಾ ಮಲ್ಟಿಮೀಟರಿನ ತಂತಿಗಳಿಗೇ 0.2, 0.3 ಓಮ್ ಇರುತ್ತದೆ. ಎರಡೂ ಮೊನೆ ಕೂಡಿಸಿ ಬಂದ ಅಂಕಿಯನ್ನು ಪ್ರತಿ ಸಲ ಕಳೆಯದಿದ್ದರೆ ಲೆಕ್ಕ ಹತ್ತಿಪ್ಪತ್ತು ಡಿಗ್ರಿ ತಪ್ಪುತ್ತದೆ. ರಿವೈಂಡಿಂಗ್ ಅಂಗಡಿಯಲ್ಲಿ ಮಿಲಿಓಮ್ ಮೀಟರ್ ಇದ್ದರೆ ಇನ್ನೂ ಚಲೋ.

ಬಿಸಿ ಎಲ್ಲಿಂದ ಬರುತ್ತದೆ

ವೈಂಡಿಂಗಿನ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ನೂರಕ್ಕೆ 10 ಹೆಚ್ಚಿದರೆ ತಾಮ್ರದಲ್ಲಿ ಹುಟ್ಟುವ ಬಿಸಿ ನೂರಕ್ಕೆ 21 ಹೆಚ್ಚು. ಪಂಪು ಕೇಳುವ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ವೋಲ್ಟೇಜು ಕುಸಿದಾಗ ಮೋಟಾರು ಹೆಚ್ಚು ಆಂಪಿಯರ್ ಎಳೆದು ಆ ಕೆಲಸ ತೂಗಿಸುತ್ತದೆ. 415 ಇರಬೇಕಾದಲ್ಲಿ 350 ಬಂದರೆ ಆಂಪಿಯರ್ ಆರನೇ ಒಂದು ಪಾಲಿಗಿಂತ ಹೆಚ್ಚು ಏರಬಹುದು, ತಾಮ್ರದ ಬಿಸಿ ನೂರಕ್ಕೆ ಸುಮಾರು 40. ಟಿಸಿಯಿಂದ ದೂರದ ಕೊನೆಯ ಹೊಲದವರಿಗೆ ಇದು ಬೇಸಿಗೆಯ ದಿನನಿತ್ಯದ ಮಾತು. ಕರೆಂಟು ಬಂದ ಗಳಿಗೆಗೆ ಎಲ್ಲ ಮೋಟಾರೂ ಒಟ್ಟಿಗೆ ಎದ್ದರೆ ಕೊನೆಯವರ ವೋಲ್ಟೇಜು ಎದ್ದು ನಿಲ್ಲುವುದಾದರೂ ಹೇಗೆ? ಒಂದೇ ಟಿಸಿಯ ರೈತರು ತಮ್ಮಲ್ಲೇ ಪಾಳಿ ಮಾಡಿಕೊಂಡರೆ ಎಲ್ಲರ ವೈಂಡಿಂಗೂ ತಂಪಾಗುತ್ತದೆ.

ವೋಲ್ಟೇಜು ಕಡಿಮೆಯಾಗುವುದಕ್ಕಿಂತಲೂ ಹೆಚ್ಚು ಕೆಡುಕು ಮಾಡುವುದು ಮೂರು ಫೇಸುಗಳ ನಡುವಿನ ಹೆಚ್ಚುಕಡಿಮೆ. ಇದನ್ನು ನಾವು ಅಳೆಯುವುದೇ ಇಲ್ಲ. ಮೋಟಾರು ನಡೆಯುವಾಗ ಮೂರು ಜೋಡಿ ಫೇಸಿನ ವೋಲ್ಟೇಜು 395, 390, 370 ಬಂತು ಎನ್ನಿ. ಸರಾಸರಿ 385. ಅತಿ ದೂರ ಇರುವುದು 370, ಅಂತರ 15. ಸರಾಸರಿಯ ನೂರಕ್ಕೆ 3.9. ಈ 3.9ರ ವರ್ಗವನ್ನು ಇಮ್ಮಡಿಸಿದರೆ ಸುಮಾರು 30. ನೂರಕ್ಕೆ ಅಷ್ಟು ಪಾಲು ಬಿಸಿಯ ಏರಿಕೆ ಹೆಚ್ಚುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 70 ಡಿಗ್ರಿ ಏರುತ್ತಿದ್ದ ವೈಂಡಿಂಗ್ 91 ಏರುತ್ತದೆ. 21 ಡಿಗ್ರಿ ಹೆಚ್ಚು, ಆಯಸ್ಸು ಕಾಲು ಪಾಲು. 385 ವೋಲ್ಟು ಚಲೋ ಐತಿ ಎಂದುಕೊಂಡು ನಾವು ಸ್ಟಾರ್ಟರ್ ಬಾಗಿಲು ಹಾಕಿರುತ್ತೇವೆ.

ಇದಕ್ಕೆ ಕಾರಣ ಎಷ್ಟೋ ಸಲ ನಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ. ಕಪ್ಪಾದ ಫ್ಯೂಜಿನ ಕಚ್ಚು, ಸಡಿಲ ಲಗ್, ಸವೆದ ಕಾಂಟ್ಯಾಕ್ಟ್. ಮೋಟಾರು ನಡೆಯುವಾಗ ಸ್ಟಾರ್ಟರಿನ ಒಳಗೆ ಬರುವ ತಂತಿಯಲ್ಲೂ ಹೊರಗೆ ಹೋಗುವ ತಂತಿಯಲ್ಲೂ ವೋಲ್ಟೇಜು ಅಳೆದರೆ ಗೊತ್ತಾಗುತ್ತದೆ. ಒಳಬರುವಲ್ಲಿ ಮೂರೂ ಸಮ ಇದ್ದು ಹೊರಹೋಗುವಲ್ಲಿ ಒಂದು ಇಳಿದಿದ್ದರೆ ತಪ್ಪು ಪೆಟ್ಟಿಗೆಯಲ್ಲಿದೆ. ಒಳಬರುವಲ್ಲೇ ಸಮ ಇಲ್ಲದಿದ್ದರೆ ಲೈನಿನಲ್ಲಿ, ಇಲ್ಲವೇ ಟಿಸಿಯಲ್ಲಿ. ಆಗ ಮೂರು ಅಂಕಿ, ತಾರೀಖು, ತಾಸು ಬರೆದು ಅರ್ಜಿ ಕೊಡಬೇಕು. ಗೋಕಾಕ, ಮೂಡಲಗಿಯವರು ಹೆಸ್ಕಾಂಗೆ, ಹುಕ್ಕೇರಿಯವರು ಅಲ್ಲಿ ವಿದ್ಯುತ್ ಹಂಚುವ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ. 'ವೋಲ್ಟೇಜ್ ಬರೂದಿಲ್ರಿ' ಎನ್ನುವುದಕ್ಕಿಂತ ಮೂರು ಅಂಕಿ ಬರೆದ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಮೂರು ಫೇಸಿಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಎರಡು ಫೇಸಿನ ಮೇಲೆ ಮೋಟಾರು ನಡೆಸುವ ರೂಢಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಮೂರನೆಯ ಫೇಸನ್ನು ಕಂಡೆನ್ಸರ್ ಹುಟ್ಟಿಸುತ್ತದೆ, ಆದರೆ ಸಮವಾಗಿ ಅಲ್ಲ. ಬೆಳೆ ಒಣಗುವಾಗ ರೈತ ಇದನ್ನು ಯಾಕೆ ಮಾಡುತ್ತಾನೆ ಎಂಬುದು ನನಗೆ ಅರ್ಥವಾಗುತ್ತದೆ. ಮಾಡುವವರು ಟಾಂಗ್ ಟೆಸ್ಟರ್ ಹಿಡಿದು ಮೂರೂ ತಂತಿಯ ಆಂಪಿಯರ್ ನೋಡಲಿ. ಯಾವ ಒಂದರಲ್ಲಿ ನೇಮ್‌ಪ್ಲೇಟಿನ ಅಂಕಿ ಮೀರಿದೆಯೋ ಆ ವೈಂಡಿಂಗು ಆ ಹೊತ್ತಿನಲ್ಲಿ ತನ್ನ ವರ್ಷಗಳನ್ನು ಖರ್ಚು ಮಾಡುತ್ತಿದೆ.

ಹೊಳೆಯ ಮೊನೊಬ್ಲಾಕಿನಲ್ಲಿ ಇನ್ನೊಂದು ಉಲ್ಟಾ ಸಂಗತಿ ಇದೆ. ನೀರು ಮೇಲೆ ಬಂದು ಎತ್ತುವ ಎತ್ತರ ಕಡಿಮೆಯಾದರೆ ಮೋಟಾರಿಗೆ ಹಗುರ ಎಂದು ನಾವು ತಿಳಿಯುತ್ತೇವೆ. ಸೆಂಟ್ರಿಫ್ಯೂಗಲ್ ಪಂಪು ಎತ್ತರ ಕಡಿಮೆಯಾದಾಗ ಹೆಚ್ಚು ನೀರು ಎಸೆಯುತ್ತದೆ, ಹೆಚ್ಚು ಆಂಪಿಯರ್ ಎಳೆಯುತ್ತದೆ. ಘಟಪ್ರಭೆ ತುಂಬಿದಾಗ ಆಂಪಿಯರ್ ನೋಡಿ. ಮೀರಿದ್ದರೆ ಡೆಲಿವರಿ ಪೈಪಿನ ವಾಲ್ವನ್ನು ಸ್ವಲ್ಪ ಮುಚ್ಚಿ, ಇಳಿಯುತ್ತದೆ.

ಇದೆಲ್ಲದರ ಮೇಲೆ ಕಾವಲಿಗೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇದೆ. ಮೋಟಾರನ್ನು ಅದು ಪದೇ ಪದೇ ನಿಲ್ಲಿಸುತ್ತದೆ ಎಂದು ಅದರ ಬಿರಡೆಯನ್ನು ಮೇಲಕ್ಕೆ ತಿರುವುವುದು, ಇಲ್ಲವೇ ತಂತಿ ಸುತ್ತಿ ದಾಟಿಸುವುದು ನಮ್ಮಲ್ಲಿ ಸಾಮಾನ್ಯ. ಸುಮಾರು 7.5 ಆಂಪಿಯರಿನ 5 ಎಚ್‌ಪಿ ಮೋಟಾರಿಗೆ ರಿಲೇ 10ಕ್ಕೆ ಇಟ್ಟರೆ, 9 ಆಂಪಿಯರಿನಲ್ಲಿ ಅದು ಎಂದೂ ಬೀಳುವುದಿಲ್ಲ. ತಾಮ್ರದ ಬಿಸಿ ಮಾತ್ರ ನೂರಕ್ಕೆ 44 ಹೆಚ್ಚಾಗಿ ಬೇಸಿಗೆಯಿಡೀ ನಡೆಯುತ್ತದೆ. ನಾನು ಹೇಳುತ್ತಿರುವ ನಿಧಾನದ ಸಾವು ಇದೇ. ಸ್ಟಾರ್-ಡೆಲ್ಟಾ ಸ್ಟಾರ್ಟರಾದರೆ ರಿಲೇ ಸಾಮಾನ್ಯವಾಗಿ ಒಳಗಿನ ಫೇಸಿನಲ್ಲಿರುತ್ತದೆ. ಅಲ್ಲಿ ನೇಮ್‌ಪ್ಲೇಟಿನ ಅಂಕಿಯ ನೂರಕ್ಕೆ 58 ಪಾಲಿಗೆ ಇಡಬೇಕು, ಪೂರ್ತಿ ಅಂಕಿಗಲ್ಲ.

ಸುಟ್ಟ ಮೋಟಾರು ಹೇಳುವ ಸಾಕ್ಷಿ

ಮೋಟಾರು ಸುಟ್ಟೇ ಹೋಗಿದ್ದರೆ, ಮಿಸ್ತ್ರಿ ಕಾಯಿಲು ಕತ್ತರಿಸುವ ಮೊದಲು ಎರಡು ನಿಮಿಷ ಬಾಗಿ ನೋಡಬೇಕು. ಎಲ್ಲ ಕಾಯಿಲೂ ಒಂದೇ ಸಮ ಕಂದಿ ಕಪ್ಪಾಗಿ, ಉಗುರಿನಿಂದ ಕೆರೆದರೆ ಹೊದಿಕೆ ಪುಡಿಯಾದರೆ ಅದು ದೀರ್ಘಕಾಲದ ಬಿಸಿ. ಓವರ್‌ಲೋಡು, ಕಡಿಮೆ ವೋಲ್ಟೇಜು, ಗಾಳಿಯಿಲ್ಲದ ಶೆಡ್ಡು, ಇವುಗಳಲ್ಲಿ ಯಾವುದೋ ಒಂದು. ಹತ್ತು ಡಿಗ್ರಿಯ ಲೆಕ್ಕ ನೇರವಾಗಿ ಅನ್ವಯಿಸುವುದು ಇಲ್ಲಿ. ಒಂದು ಫೇಸಿನ ಕಾಯಿಲುಗಳು ಉಳಿದವಕ್ಕಿಂತ ಹೆಚ್ಚು ಕಂದಿದ್ದರೆ ಫೇಸುಗಳು ಸಮ ಇರಲಿಲ್ಲ.

ಕೆಲವು ಗುಂಪು ಇದ್ದಿಲಾಗಿ, ಪಕ್ಕದ ಗುಂಪು ಹೊಸದರಂತೆ ಹೊಳೆಯುತ್ತಿದ್ದರೆ ನಡೆಯುವಾಗಲೇ ಒಂದು ಫೇಸು ತಪ್ಪಿದೆ. ಸ್ಟಾರ್ ಜೋಡಣೆಯಾದರೆ ಮೂರರಲ್ಲಿ ಎರಡು ಪಾಲು ಕಾಯಿಲು ಸುಟ್ಟು ಒಂದು ಪಾಲು ಉಳಿದಿರುತ್ತದೆ. ಡೆಲ್ಟಾ ಆದರೆ ಒಂದು ಪಾಲು ಸುಟ್ಟು ಎರಡು ಪಾಲು ಉಳಿದಿರುತ್ತದೆ. ಆಗ ಉಳಿದ ತಂತಿಗಳಲ್ಲಿ ಆಂಪಿಯರ್ ಸುಮಾರು 1.73 ಪಟ್ಟು ಏರಿ ಕೆಲವೇ ನಿಮಿಷದಲ್ಲಿ ಹೊದಿಕೆ ಕರಗಿದೆ. ಇದಕ್ಕೆ ಆಯಸ್ಸಿನ ಲೆಕ್ಕ ಹಾಕುವುದು ತಪ್ಪು. ಇದಕ್ಕೆ ಬೇಕಾದದ್ದು ಫೇಸು ತಪ್ಪಿದರೆ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್. ಇನ್ನು ಒಂದೇ ಕಾಯಿಲಿನ ಒಂದೇ ಬಿಂದುವಿನಲ್ಲಿ ತೂತು ಬಿದ್ದಿದ್ದರೆ ಸಿಡಿಲಿನ ಏಟೋ, ತೇವವೋ, ಸುತ್ತುವಾಗ ತಂತಿಗೆ ಬಿದ್ದ ಗೀರೋ ಇರಬಹುದು. ನಿಯಮ ಹೇಳುವುದು ಬಿಸಿಯ ಸವೆತದ ಬಗ್ಗೆ ಮಾತ್ರ. ವೈಂಡಿಂಗನ್ನು 60 ಡಿಗ್ರಿಯಲ್ಲಿಟ್ಟರೆ ಲೆಕ್ಕದ ಪ್ರಕಾರ ಇಪ್ಪತ್ತೈದು ಲಕ್ಷ ತಾಸು ಬಾಳಬೇಕು. ಅದಕ್ಕಿಂತ ಎಷ್ಟೋ ಮೊದಲು ಬೇರಿಂಗು ಕಿರುಗುಟ್ಟಿ, ಇಲ್ಲವೇ ನೀರು ಒಳಹೊಕ್ಕು ಅದು ಮುಗಿದಿರುತ್ತದೆ.

ಬೋರಿನ ಸಬ್‌ಮರ್ಸಿಬಲ್ ಬೇರೆ ಜಾತಿ. ನೀರು ತುಂಬಿದ ಆ ಮೋಟಾರಿನ ತಂತಿಗೆ ಇನಾಮಲ್ ಅಲ್ಲ, ಪ್ಲಾಸ್ಟಿಕ್ಕಿನ ದಪ್ಪ ಹೊದಿಕೆ ಇರುತ್ತದೆ. ಪಿವಿಸಿ ಹೊದಿಕೆಯಾದರೆ 70 ಡಿಗ್ರಿ ದಾಟುತ್ತಲೇ ಮೆತ್ತಗಾಗತೊಡಗುತ್ತದೆ. ಮೆತ್ತಗಾದದ್ದು ಒತ್ತಡಕ್ಕೆ ಜರುಗಿ ತಾಮ್ರ ತಾಮ್ರಕ್ಕೆ ತಾಗುತ್ತದೆ. ಅಲ್ಲಿ ನಿಧಾನದ ಅರ್ಧ, ಅರ್ಧದ ಅರ್ಧ ಇಲ್ಲ, ದಾಟಬಾರದ ಒಂದು ಗೆರೆ ಇದೆ. ಅದನ್ನು ಕಾಯುವುದು ಮೋಟಾರಿನ ಮೈಗುಂಟ ಹರಿಯುವ ನೀರು. ಬೋರಿನ ನೀರು ಕುಸಿದಾಗ ನಿಲ್ಲಿಸುವ ಡ್ರೈ ರನ್ ರಿಲೇ ಅಲ್ಲಿ ಎಲ್ಲಕ್ಕಿಂತ ಮುಖ್ಯ.

ರಿವೈಂಡಿಂಗ್ ಮಾಡಿಸುವಾಗ

ರಿವೈಂಡ್ ಮಾಡಿಸಿದ ಮೋಟಾರು ಬೇಗ ಸುಡುತ್ತದೆ ಎಂಬ ನಂಬಿಕೆ ಇದೆ. ಚೆನ್ನಾಗಿ ಸುತ್ತಿದರೆ ಹಾಗಾಗಬೇಕಿಲ್ಲ. ಆಗುವುದಕ್ಕೆ ಕಾರಣಗಳು ಬೇರೆ. ಮೊದಲನೆಯದು ತಂತಿಯ ಗೇಜು. ಸ್ಲಾಟಿನಲ್ಲಿ ಸುಲಭವಾಗಿ ಕೂರಲಿ ಎಂದು 19ರ ಗೇಜಿನ ಜಾಗದಲ್ಲಿ 20 ಹಾಕಿದರೆ, 1.016 ಮಿಲಿಮೀಟರಿನ ತಂತಿ 0.914 ಆಯಿತು. ಕಣ್ಣಿಗೆ ಏನೂ ಕಾಣದು, ರೆಸಿಸ್ಟೆನ್ಸ್ ಮಾತ್ರ ನೂರಕ್ಕೆ 24 ಹೆಚ್ಚು. ಅದೇ ಆಂಪಿಯರಿಗೆ ಆ ವೈಂಡಿಂಗಿನಲ್ಲಿ ಬಿಸಿಯೂ ಅಷ್ಟೇ ಹೆಚ್ಚು. ಎರಡನೆಯದು ಹಳೆಯ ವೈಂಡಿಂಗ್ ತೆಗೆಯುವ ಬಗೆ. ಕಟ್ಟಿಗೆ ಬೆಂಕಿಯಲ್ಲಿ ಸ್ಟೇಟರನ್ನು ಕೆಂಪಗೆ ಕಾಯಿಸಿದರೆ ಕಬ್ಬಿಣದ ತೆಳು ಹಾಳೆಗಳ ನಡುವಿನ ಪದರವೂ ಸುಡುತ್ತದೆ. ಆಮೇಲೆ ಹೊರೆ ಇಲ್ಲದಿದ್ದರೂ ಕಬ್ಬಿಣವೇ ಕಾಯುತ್ತದೆ. ಮೂರನೆಯದು, ಮೊದಲ ಸಲ ಸುಡಲು ಕಾರಣವಾದದ್ದನ್ನು ಸರಿಮಾಡದೆ ಮೋಟಾರನ್ನು ಅದೇ ಶೆಡ್ಡಿಗೆ, ಅದೇ ರಿಲೇಗೆ ಒಯ್ದು ಕೂರಿಸುವುದು.

ಹೆಚ್ಚು ಹಣ ಕೊಟ್ಟು ಎಫ್ ಕ್ಲಾಸಿನ ತಂತಿ ಹಾಕಿಸಿದರೆ ಲಾಭವೇ? ನಮ್ಮ ಲೆಕ್ಕದ 136 ಡಿಗ್ರಿಯ ಮೋಟಾರಿಗೆ 155ರ ಹೊದಿಕೆ ಸಿಕ್ಕರೆ 19 ಡಿಗ್ರಿ ಕೆಳಗೆ ಉಳಿದಂತಾಯಿತು, ಆಯಸ್ಸು ಸುಮಾರು 75,000 ತಾಸು. ಆದರೆ ತಂತಿ ಒಂದೇ ಎಫ್ ಆದರೆ ಸಾಲದು. ಸ್ಲಾಟಿನ ಕಾಗದ, ವಾರ್ನಿಷ್, ಕಟ್ಟುವ ದಾರ, ಹೊರಗೆ ಬರುವ ಲೀಡು, ಅದರ ಸ್ಲೀವು ಎಲ್ಲವೂ ಅದೇ ಕ್ಲಾಸಿನವಾಗಿರಬೇಕು. ಎಫ್ ತಂತಿಗೆ ಸಾದಾ ಪಿವಿಸಿ ಲೀಡು ಜೋಡಿಸಿದರೆ ಮೋಟಾರಿನ ಕ್ಲಾಸು ಆ ಲೀಡಿನದೇ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ 'ತಂತಿ ಯಾವ ಕಂಪನಿದ್ರಿ' ಎಂಬುದಕ್ಕಿಂತ 'ಕಾಗದ, ಲೀಡು ಯಾವ ಕ್ಲಾಸಿಂದ್ರಿ' ಎಂಬುದು.

ಹೊಸ ವೈಂಡಿಂಗ್ ಒಣಗಿ ಮೋಟಾರು ಕೈಗೆ ಬಂದ ದಿನ ಅಂಗಡಿಯಲ್ಲೇ ಮೂರೂ ಜೋಡಿ ಲೀಡಿನ ಓಮ್ ಅಳೆಸಿಕೊಳ್ಳಿ. ಮೂರೂ ನೂರಕ್ಕೆ ಒಂದೆರಡು ಪಾಲಿನೊಳಗೆ ಸಮ ಇರಬೇಕು. ಆ ಅಂಕಿ, ಅಂದಿನ ಗಾಳಿಯ ಬಿಸಿ, ತಂತಿಯ ಗೇಜು, ಇನ್ಸುಲೇಷನ್ ಕ್ಲಾಸು, ತಾರೀಖು, ಇಷ್ಟನ್ನೂ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಳಿಸದ ಪೆನ್ನಿನಲ್ಲಿ ಬರೆದಿಡಿ. ಬರುವ ಏಪ್ರಿಲಿನ ಮಧ್ಯಾಹ್ನ ಲೆಕ್ಕಕ್ಕೆ ಬೇಕಾದ R1, T1 ಅಲ್ಲೇ ಕಾದಿರುತ್ತವೆ.